ಹಾಟ್‌ಸ್ಪಾಟ್‌ಗೆ ಕನ್ನಡದಲ್ಲೇ ಹೆಸರಿಟ್ಟು ಲ್ಯಾಪ್‌ಟಾಪ್ ಜೋಡಿಸಿದ ನನ್ನ ಅನುಭವ

ಫೋನಿನ ಹಾಟ್‌ಸ್ಪಾಟ್‌ಗೆ ಕನ್ನಡ ಲಿಪಿಯಲ್ಲಿ ಹೆಸರಿಡುತ್ತೇನೆ ಎಂದಾಗ ಗೆಳೆಯರಲ್ಲಿ ಮೂವರು ಅದು ಆಗದ ಕೆಲಸವೆಂದರು. ಹೆಸರು ಇಟ್ಟರೂ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದಿಲ್ಲ, ಇಂಗ್ಲಿಷ್ ಅಕ್ಷರಗಳಿಗೇ ಹಿಂತಿರುಗಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ಸುಮಾರು ನಾಲ್ಕು ತಿಂಗಳಿಂದ ನನ್ನ ಲ್ಯಾಪ್‌ಟಾಪ್ 'ಮಳೆಬಿಲ್ಲು' ಎಂಬ ಹೆಸರಿನ ಹಾಟ್‌ಸ್ಪಾಟ್‌ಗೆ ದಿನವೂ ತಾನಾಗಿಯೇ ಸೇರಿಕೊಳ್ಳುತ್ತಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಪುಟ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ನಾನು ಎಡವಿದ ಜಾಗಗಳನ್ನಷ್ಟೇ ಬರೆಯುತ್ತೇನೆ.

ಮೊದಲ ತೊಡಕು ಹೆಸರಿನ ಉದ್ದದ್ದು. ನಾನು ಮೊದಲು ಬಯಸಿದ್ದು 'ಬೆಳದಿಂಗಳ ರಾತ್ರಿ' ಎಂಬ ಹೆಸರನ್ನು. ನೋಡಲು ಚಿಕ್ಕದಾಗಿಯೇ ಇದ್ದ ಆ ಹೆಸರನ್ನು ಫೋನು ಉಳಿಸಿಕೊಳ್ಳಲೇ ಇಲ್ಲ. ವೈಫೈ ಹೆಸರಿಗೆ ಇರುವ ಮಿತಿ 32 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಅನುಸ್ವಾರ ಮತ್ತು ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಇವುಗಳಲ್ಲಿ ಪ್ರತಿಯೊಂದೂ ಮೂರು ಮೂರು ಬೈಟ್ ತೆಗೆದುಕೊಳ್ಳುತ್ತದೆ. 'ಬೆಳದಿಂಗಳ' ಎಂಬುದರಲ್ಲಿ ಇಂತಹ ಎಂಟು, 'ರಾತ್ರಿ' ಎಂಬುದರಲ್ಲಿ ಆರು, ನಡುವಿನ ತೆರಪಿಗೆ ಒಂದು ಬೈಟ್, ಒಟ್ಟು 43. ಅಂದರೆ ಕನ್ನಡ ಹೆಸರಿಗೆ ಒಟ್ಟು ಹತ್ತು ಚಿಹ್ನೆಗಳಷ್ಟೇ ಜಾಗ. 'ಮಳೆಬಿಲ್ಲು' ಎಂಬುದರಲ್ಲಿ ಒಂಬತ್ತು ಚಿಹ್ನೆಗಳು, 27 ಬೈಟ್; ಬೇಕಾದರೆ ಕೊನೆಯಲ್ಲಿ ಒಂದು ಅಂಕಿಯನ್ನೂ ಸೇರಿಸಬಹುದು.

ಇದೇ ಲೆಕ್ಕದಲ್ಲಿ ಒಂದು ಸಂಜೆಯೆಲ್ಲ ಬೇರೆ ಬೇರೆ ಪದಗಳನ್ನು ಪ್ರಯತ್ನಿಸಿದೆ. 'ಹಾಟ್‌ಸ್ಪಾಟ್' ಎಂಬ ಪದವೇ ಈ ಮಿತಿಯೊಳಗೆ ಹಿಡಿಯುವುದಿಲ್ಲ. ಟಕಾರ ಮತ್ತು ಸಕಾರ ಒತ್ತಕ್ಷರವಾಗದಂತೆ ಅವುಗಳ ನಡುವೆ ಕೀಲಿಮಣೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆಗೂ ಮೂರು ಬೈಟ್ ಬೇಕು. ಅದೂ ಸೇರಿ 33 ಆಗುತ್ತದೆ. ಈ ಕಾಣದ ಚಿಹ್ನೆ ಇನ್ನೊಂದು ತೊಂದರೆಯನ್ನೂ ಕೊಡುತ್ತದೆ. ಅರ್ಧಾಕ್ಷರದಿಂದ ಮುಗಿಯುವ ಹೆಸರನ್ನು ಎರಡು ಕೀಲಿಮಣೆಗಳಲ್ಲಿ ಬರೆದರೆ, ಒಂದರಲ್ಲಿ ಕೊನೆಗೆ ಆ ಚಿಹ್ನೆ ಸೇರಿ ಇನ್ನೊಂದರಲ್ಲಿ ಸೇರದಿರಬಹುದು. ಕಣ್ಣಿಗೆ ಎರಡೂ ಒಂದೇ, ಲ್ಯಾಪ್‌ಟಾಪಿಗೆ ಮಾತ್ರ ಎರಡು ಬೇರೆ ಜಾಲಗಳು. ಆದ್ದರಿಂದಲೇ ನಾನು ಸ್ವರದಿಂದ ಮುಗಿಯುವ ಹೆಸರನ್ನು ಆರಿಸಿಕೊಂಡೆ.

ಹೆಸರು ಉಳಿಯಿತು, ಹಾಟ್‌ಸ್ಪಾಟ್ ಚಾಲೂ ಆಯಿತು, ಆದರೆ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ 'ಮಳೆಬಿಲ್ಲು' ಕಾಣಲೇ ಇಲ್ಲ. ಕನ್ನಡ ಲಿಪಿಯೇ ಕಾರಣವೆಂದು ಗೆಳೆಯರು ತೀರ್ಮಾನಿಸಿದರು. ನಾನೂ ಆಗ ಸರಿಯಾಗಿ ಪರೀಕ್ಷಿಸದೆ ಹಳೆಯ ಲ್ಯಾಪ್‌ಟಾಪಿನ ವೈಫೈ ಕೆಟ್ಟಿದೆಯೆಂದು ಭಾವಿಸಿ ಯುಎಸ್‌ಬಿಗೆ ಚುಚ್ಚುವ ವೈಫೈ ಅಡಾಪ್ಟರ್ ಒಂದನ್ನು ಕೊಂಡು ತಂದೆ. ಅದರಲ್ಲೂ ಹೆಸರು ಕಾಣಲಿಲ್ಲ, ಹಾಕಿದ ಹಣವೆಲ್ಲ ವ್ಯರ್ಥವಾಯಿತು. ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಆಮೇಲೆ ಮಾಡಿದೆ: ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಅದೂ ಕಾಣಲಿಲ್ಲ. ಲಿಪಿಯ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಆದೇಶ ಕೊಟ್ಟಾಗ ನಿಜ ಸಂಗತಿ ಹೊರಬಂತು:

```
netsh wlan show drivers
```

ಅದರಲ್ಲಿ `Radio types supported` ಎಂಬ ಸಾಲಿನಲ್ಲಿ 802.11b, 802.11g, 802.11n ಮಾತ್ರ ಇದ್ದವು, 802.11a ಆಗಲಿ 802.11ac ಆಗಲಿ ಇರಲಿಲ್ಲ. ಅಂದರೆ ಅದು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಕಾರ್ಡು. ಫೋನು 5 ಗಿಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತಿತ್ತು. ನಾನು ಕೊಂಡ ಅಡಾಪ್ಟರ್ ಕೂಡ ಅದೇ ಜಾತಿಯದು. ಹಾಟ್‌ಸ್ಪಾಟ್ ಪುಟದಲ್ಲಿ ಬ್ಯಾಂಡ್ ಬದಲಿಸಿ 2.4ಕ್ಕೆ ಇಟ್ಟ ಕೂಡಲೇ ಕನ್ನಡದ ಹೆಸರು ಅಚ್ಚುಕಟ್ಟಾಗಿ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಕೆಲವು ಫೋನುಗಳಲ್ಲಿ ಬ್ಯಾಂಡ್ ಎಂಬ ಆಯ್ಕೆಯ ಬದಲು `Extend compatibility` ಎಂದಿರುತ್ತದೆ, ಐಫೋನ್ 12 ಮತ್ತು ನಂತರದವುಗಳಲ್ಲಿ `Maximize Compatibility` ಎಂದಿರುತ್ತದೆ. ಐಫೋನಿನಲ್ಲಿ ಹಾಟ್‌ಸ್ಪಾಟ್‌ಗೆ ಪ್ರತ್ಯೇಕ ಹೆಸರಿಲ್ಲ, ಫೋನಿನ ಹೆಸರೇ ಅದರ ಹೆಸರು.

ಕಂಡ ಹೆಸರಿಗೆ ಸೇರಲು ಹೋದರೆ ಮತ್ತೆ ವಿಫಲ. ಅದೇ ಆದೇಶದ ಉತ್ತರದಲ್ಲಿ ಕಾರ್ಡು ಬಲ್ಲ ಭದ್ರತಾ ವಿಧಾನಗಳ ಪಟ್ಟಿಯೂ ಇರುತ್ತದೆ. ನನ್ನದರಲ್ಲಿ WPA3 ಇರಲಿಲ್ಲ, ಫೋನಿನಲ್ಲಿ ಅದೇ ಆಯ್ಕೆಯಾಗಿತ್ತು. `WPA2-Personal` ಎಂದು ಬದಲಿಸಿ, ತಾತ್ಕಾಲಿಕವಾಗಿ ಎಂಟು ಅಂಕಿಗಳ ಪಾಸ್‌ವರ್ಡ್ ಇಟ್ಟಾಗ ಲ್ಯಾಪ್‌ಟಾಪ್ ಐದಾರು ಸೆಕೆಂಡುಗಳಲ್ಲಿ ಸೇರಿಕೊಂಡಿತು. ಆ ದಿನ ನನಗಾದ ಸಂತೋಷ ದೊಡ್ಡದು.

ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿ ಇಡಲು ಹೋಗಬಾರದು. WPA2 ಪಾಸ್‌ವರ್ಡಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಸಾಮಾನ್ಯ ಚಿಹ್ನೆಗಳೇ ಇರಬೇಕು, ಕನಿಷ್ಠ 8, ಗರಿಷ್ಠ 63. ನಾನು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜೋಡಿಸಿದ್ದೇನೆ. ಆ ಪದಗಳನ್ನು ಯಾವ ಕ್ರಮದಿಂದ ಆರಿಸುತ್ತೇನೆ ಎಂಬುದನ್ನು ನನ್ನಲ್ಲೇ ಉಳಿಸಿಕೊಳ್ಳುತ್ತೇನೆ. ಈ ಉದ್ದದ ಪಾಸ್‌ವರ್ಡಿನಲ್ಲೂ ಎರಡು ಬಾರಿ ಎಡವಿದೆ. ಟಿಪ್ಪಣಿ ಆ್ಯಪ್‌ನಲ್ಲಿ ಬರೆದು ನಕಲಿಸಿ ಅಂಟಿಸಿದ್ದರಿಂದ, ಕೀಲಿಮಣೆ ಪದದ ಕೊನೆಗೆ ತಾನಾಗಿ ಹಾಕಿದ್ದ ತೆರಪೂ ಅದರೊಂದಿಗೆ ಬಂದಿತ್ತು. ಲ್ಯಾಪ್‌ಟಾಪಿನಲ್ಲಿ ಎಷ್ಟು ಬಾರಿ ಸರಿಯಾಗಿ ಬರೆದರೂ ತಪ್ಪೆಂದೇ ಉತ್ತರ. ಕೊನೆಗೆ ಫೋನಿನಲ್ಲಿ ಪಾಸ್‌ವರ್ಡ್ ಕಾಣುವಂತೆ ಮಾಡಿ, ಕರ್ಸರನ್ನು ತುದಿಗೆ ಒಯ್ದು ನೋಡಿದಾಗ ಕೊನೆಯ ಅಕ್ಷರಕ್ಕೂ ಕರ್ಸರಿಗೂ ನಡುವೆ ಒಂದು ಅಂತರ ಕಂಡಿತು.

ತೆರಪನ್ನು ಅಳಿಸಿದ ಮೇಲೂ `Can't connect to this network` ಎಂದೇ ಬರುತ್ತಿತ್ತು, ಏಕೆಂದರೆ ಹೆಸರು ಅದೇ ಆಗಿದ್ದರಿಂದ ಲ್ಯಾಪ್‌ಟಾಪ್ ತಾನು ಉಳಿಸಿಕೊಂಡಿದ್ದ ಹಳೆಯ ಎಂಟು ಅಂಕಿಗಳನ್ನೇ ಕಳುಹಿಸುತ್ತಿತ್ತು. ಇಂತಹ ಹಳೆಯ ದಾಖಲೆಯನ್ನು ಅಳಿಸಲು ನಾವೆಲ್ಲ ಬಳಸುವ `netsh wlan delete profile` ಎಂಬ ಆದೇಶ ಇಲ್ಲಿ ಕೈಕೊಟ್ಟಿತು. ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ನಡದ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದರಿಂದ ಅದನ್ನು ಬರೆದು ಅಳಿಸುವುದು ನನ್ನಿಂದ ಆಗಲಿಲ್ಲ. ಸೆಟ್ಟಿಂಗ್ಸ್‌ನ `Manage known networks` ಪಟ್ಟಿಯಲ್ಲಿ ಹೆಸರು ಸರಿಯಾಗಿಯೇ ಇತ್ತು. ಅಲ್ಲಿ `Forget` ಒತ್ತಿ, ಹೊಸದಾಗಿ ಸೇರಿಸಿದೆ. ಅಂದಿನಿಂದ ಒಮ್ಮೆಯೂ ತಪ್ಪಿಲ್ಲ.

ಅತಿ ದುಬಾರಿಯಾದ ತಪ್ಪು ಮಾತ್ರ ಸೇರಿಕೊಂಡ ಮೇಲಿನದು. ಲ್ಯಾಪ್‌ಟಾಪ್ ಇದನ್ನು ಸಾಮಾನ್ಯ ವೈಫೈ ಎಂದು ತಿಳಿದು, ನಾನು ಊಟಕ್ಕೆ ಎದ್ದುಹೋದ ಮುಕ್ಕಾಲು ಗಂಟೆಯಲ್ಲಿ ವಿಂಡೋಸ್ ಅಪ್‌ಡೇಟ್ ಇಳಿಸಿಕೊಂಡಿತು. ನೆನಪಿರುವಂತೆ ಎರಡೂವರೆ ಜಿಬಿಯಷ್ಟು ಡೇಟಾ ಹೋಗಿ, ಮತ್ತೆ ಹಣ ಕೊಟ್ಟು ರೀಚಾರ್ಜ್ ಮಾಡಿಸಬೇಕಾಯಿತು. ಈಗ ಹೊಸ ಹೆಸರು ಇಟ್ಟಾಗಲೆಲ್ಲ, ಸೇರಿದ ಮೊದಲ ನಿಮಿಷದಲ್ಲೇ ಆ ಜಾಲದ ಗುಣಲಕ್ಷಣಗಳ ಪುಟ ತೆರೆದು, ಇಲ್ಲಿ ಡೇಟಾಕ್ಕೆ ಮಿತಿಯಿದೆ ಎಂದು ವಿಂಡೋಸ್‌ಗೆ ತಿಳಿಸುವ `Metered connection` ಎಂಬುದನ್ನು ಆನ್ ಮಾಡುತ್ತೇನೆ. ಈ ಗುರುತು ಹೆಸರಿನೊಂದಿಗೆ ಅಂಟಿಕೊಂಡಿರುವುದರಿಂದ, `Forget` ಒತ್ತಿದಾಗ ಅದೂ ಅಳಿದುಹೋಗುತ್ತದೆ. ಮರುಜೋಡಣೆಯಾದ ಮೇಲೆ ಮತ್ತೊಮ್ಮೆ ಆನ್ ಮಾಡಲೇಬೇಕು.