ದುಬೈಗೆ ಹೊರಟವರಿಗೆ: ಕಾರಿಡಾರ್‌ನಲ್ಲಿ ಹೊಗೆ ತುಂಬಿದರೆ

ಮಂಗಳೂರು, ಉಡುಪಿಯಿಂದ ಹೊಸದಾಗಿ ದುಬೈಗೆ ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ವೀಸಾ, ಐಡಿ, ಬಾಡಿಗೆ ಕಾಗದ ಎಲ್ಲ ಕಂಪನಿಯವರು ಹೇಳುತ್ತಾರೆ. ಬೆಂಕಿಗೆ ನಂಬರ್ 997. ಉಳಿದದ್ದನ್ನು ನಾನು ಹೇಳುತ್ತೇನೆ. ಅಲ್ಲಿ ಹನ್ನೊಂದು ವರ್ಷ ಇದ್ದು ಈಗ ಬಿಜೈಗೆ ವಾಪಸು ಬಂದಿದ್ದೇನೆ.

ನಮ್ಮ ಮನೆ ಒಂಬತ್ತನೇ ಮಹಡಿಯಲ್ಲಿತ್ತು. ಒಂದು ರಾತ್ರಿ ಅಲಾರಾಂ ಹೊಡೆಯಿತು. ನಾನು ಹಿಂದೆಮುಂದೆ ನೋಡದೆ ಹೆಂಡತಿ, ಮಗನ ಕೈಹಿಡಿದು ಹೊರಗೆ ಓಡಿದೆ. ಬಾಗಿಲು ತಾನಾಗಿ ಮುಚ್ಚಿ ಲಾಕ್ ಆಯಿತು. ಕೀ ಒಳಗೇ ಉಳಿಯಿತು. ಆ ತಪ್ಪು ನೆನೆದರೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ಊರಮನೆಯಲ್ಲಿ ಬಚ್ಚಲೊಲೆಯ ಹೊಗೆ ಹಂಚಿನ ಸಂದಿಯಿಂದ ಹೋಗಿಬಿಡುತ್ತದೆ. ಹೊಗೆಗೆ ಹೆದರಿ ನಮಗೆ ಅಭ್ಯಾಸವೇ ಇಲ್ಲ, ಅಲ್ವಾ? ಕಾರಿಡಾರ್‌ನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಬಿಸಿಹೊಗೆ ಮೊದಲು ಮೇಲೆ ಸೇರುತ್ತದೆ, ಆಮೇಲೆ ಕೆಳಗಿಳಿಯುತ್ತಾ ಬರುತ್ತದೆ. ನಿಂತರೆ ಲೈಟೂ ಕಾಣಲಿಲ್ಲ. ನೆಲಕ್ಕೆ ಬಗ್ಗಿದಾಗ ಸ್ವಲ್ಪ ಉಸಿರು ಸಿಕ್ಕಿತು. ಒದ್ದೆ ಬಟ್ಟೆ ಮೂಗಿಗಿಟ್ಟರೆ ಮಸಿ ಸ್ವಲ್ಪ ತಡೆಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಅನ್ನು ತಡೆಯುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ತಲೆ ತಿರುಗುವುದು ಅದರಿಂದಲೇ. ಆದ್ದರಿಂದ ಬಟ್ಟೆ ನಂಬಿ ಹೊಗೆಯೊಳಗೆ ಜಾಸ್ತಿ ದೂರ ಹೋಗಬೇಡಿ.

ಗೋಡೆಗೆ ಕೈಯೂರಿ ಅಂಬೆಗಾಲಿಟ್ಟು ಮೆಟ್ಟಿಲ ಬಾಗಿಲಿಗೆ ಹೋದೆವು. ಒಳಗೂ ಹೊಗೆ ತುಂಬಿತ್ತು. ಕೆಳಗೆ ಯಾರೋ ಆ ಬಾಗಿಲಿಗೆ ಏನನ್ನೋ ಒತ್ತಿಟ್ಟು ತೆರೆದೇ ಬಿಟ್ಟಿದ್ದರಂತೆ. ಮೇಲೆ ಟೆರೇಸಿಗೆ ಹೋಗೋಣ ಎಂದಳು ಹೆಂಡತಿ. ಹೊಗೆಯೂ ಮೇಲಕ್ಕೇ ಹೋಗುತ್ತದೆ, ಟೆರೇಸಿಗೆ ಬೀಗವಿದ್ದರೆ ಅಲ್ಲೇ ಸಿಕ್ಕಿಬೀಳುತ್ತೇವೆ. ಲಿಫ್ಟಿನದೂ ಅದೇ ಕಥೆ. ಅದು ಓಡಾಡುವ ಜಾಗ ಚಿಮಣಿಯಂತೆ ಹೊಗೆ ಎಳೆಯುತ್ತದೆ, ಬೆಂಕಿಯ ಮಹಡಿಯಲ್ಲೇ ಬಾಗಿಲು ತೆರೆದುಕೊಳ್ಳಲೂಬಹುದು. ಹಿಂದಕ್ಕೆ ಬಂದೆವು. ನಮ್ಮ ಬಾಗಿಲಂತೂ ತೆರೆಯುವಂತಿರಲಿಲ್ಲ. ಪಕ್ಕದ ಬಾಗಿಲು ಬಡಿದೆ.

ಒಬ್ಬ ಮಲಯಾಳಿ ಹೆಂಗಸು ನಮ್ಮನ್ನು ಒಳಗೆಳೆದು ಬಾಗಿಲು ಮುಚ್ಚಿದರು. ಬಾಗಿಲಡಿಯ ಸಂದಿಗೆ ಒದ್ದೆ ಟವೆಲ್ ತುರುಕಿ, ಎಸಿ ಆಫ್ ಮಾಡಿ, 997ಕ್ಕೆ ಮಹಡಿ ಮತ್ತು ಮನೆ ನಂಬರ್ ಹೇಳಿದರು. ಹೊರಗೆ ಹೊಗೆ ಇಲ್ಲದ ಕಡೆಯ ಕಿಟಕಿ ಸ್ವಲ್ಪ ತೆರೆದು ಬಿಳಿ ಬೆಡ್‌ಶೀಟ್ ಬೀಸಿದರು. ಫೈರ್‌ನವರು ಬರುವವರೆಗೆ ಅಲ್ಲೇ ಕೂತೆವು.

ನಾನೂ ಮೊದಲು ಇದನ್ನೇ ಮಾಡಬೇಕಿತ್ತು. ಬೆಂಕಿ ನಿಮ್ಮ ಮನೆಯಲ್ಲೇ ಇದ್ದರೆ ಕೂಡಲೇ ಹೊರಡಿ, ಬಾಗಿಲು ಎಳೆದುಕೊಳ್ಳಿ. ಬೇರೆ ಕಡೆ ಇದ್ದರೆ ಬಾಗಿಲಿಗೆ ಅಂಗೈಯ ಹಿಂಭಾಗ ಮುಟ್ಟಿಸಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ. ತೆರೆದಾಗ ಹೊಗೆ ದಟ್ಟವಾಗಿದ್ದರೆ ಮುಚ್ಚಿ ಒಳಗೇ ಇರಿ. ದಾರಿ ಸ್ವಚ್ಛವಾಗಿದ್ದರೆ ಮಾತ್ರ ಕೀ ಹಿಡಿದು ಮೆಟ್ಟಿಲಿಗೆ ಹೋಗಿ.

ಆ ಅಮ್ಮ ನಾಲ್ಕು ವರ್ಷದಿಂದ ಪಕ್ಕದಲ್ಲೇ ಇದ್ದರು. ಹೆಸರು ಕೇಳಿರಲಿಲ್ಲ. ಊರಲ್ಲಾದರೆ ಮೊದಲ ದಿನವೇ ಪರಿಚಯವಾಗುತ್ತಿತ್ತು. ಮಗ ಈಗಲೂ ಯಾವ ಕಟ್ಟಡಕ್ಕೆ ಹೋದರೂ ಮೆಟ್ಟಿಲವರೆಗೆ ಎಷ್ಟು ಬಾಗಿಲು ಎಂದು ಎಣಿಸುತ್ತಾನೆ. ಬಿಜೈಯ ನಮ್ಮ ಮಹಡಿಯಲ್ಲಿ ಮೂರು.