ಜಂಟಿ ಖಾತೆಯ ಆರು ನಗದು ಜಮೆಗಳು

ಬದಿಯಡ್ಕ ಸಮೀಪದ ಅಡಿಕೆ ಕೃಷಿಕರೊಬ್ಬರ ಪತ್ನಿ ಅನುದಾನಿತ ಶಾಲೆಯಲ್ಲಿ ಶಿಕ್ಷಕಿ. ಸಂಬಳದಿಂದ ತೆರಿಗೆ ಕಡಿತವಾಗುತ್ತದೆ, ವರ್ಷವರ್ಷ ರಿಟರ್ನ್ ಸಲ್ಲಿಕೆಯಾಗುತ್ತದೆ, ಅದರಾಚೆ ಅವರಿಗೆ ಇಲಾಖೆಯ ಗೊಡವೆ ಇರಲಿಲ್ಲ. 2024-25ರ ರಿಟರ್ನ್ ಸಲ್ಲಿಸಿದ ಮೇಲೆ ಅವರ ಮೊಬೈಲಿಗೆ ಒಂದು ಸಂದೇಶ ಬಂತು: ನಿಮ್ಮ ಹೆಸರಿನಲ್ಲಿ ದೊಡ್ಡ ಮೊತ್ತದ ವ್ಯವಹಾರ ಕಾಣುತ್ತಿದೆ, ಪೋರ್ಟಲ್ ನೋಡಿ ಉತ್ತರಿಸಿ. ಇಬ್ಬರೂ ಪಾಸ್‌ಪುಸ್ತಕ ಹಿಡಿದುಕೊಂಡು ನನ್ನಲ್ಲಿಗೆ ಬಂದರು. "ನಾನು ಬ್ಯಾಂಕಿಗೆ ಒಂದು ರೂಪಾಯಿ ನಗದು ಕಟ್ಟಿದವಳಲ್ಲ. ಕಟ್ಟಿದ್ದೆಲ್ಲ ಇವರು. ಕೇಳುವುದು ನನ್ನನ್ನು!" ಎಂದು ಅವರು ಗಂಡನ ಕಡೆ ನೋಡಿದರು.

ಅವರ ಮಾತು ನಿಜ. ಇಲಾಖೆ ಕೇಳಿದ್ದೂ ತಪ್ಪಲ್ಲ. ಗುರುತು ಸಿಗದಂತೆ ಅಂಕಿಗಳನ್ನು ತುಸು ಬದಲಿಸಿ, ಆ ಒಂದು ವರ್ಷದ ಲೆಕ್ಕವನ್ನು ನಾವು ಬಿಡಿಸಿದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಬೇಕಾದ್ದು ಎಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಪೂರ್ತಿ ಸ್ಟೇಟ್‌ಮೆಂಟ್. ಪಾಸ್‌ಪುಸ್ತಕ ಸಾಲದು, ಬಹಳ ದಿನ ಬಿಟ್ಟು ಮುದ್ರಿಸಿದರೆ ಕೆಲವು ಬ್ಯಾಂಕುಗಳ ಯಂತ್ರ ನಡುವಿನ ನಮೂದುಗಳನ್ನು ಒಟ್ಟುಗೂಡಿಸಿ ಒಂದೇ ಸಾಲು ಮಾಡಿಬಿಡುತ್ತದೆ. ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಸಂಬಳ, ಪಿಂಚಣಿ, ಯುಪಿಐ ಯಾವುದನ್ನೂ ಸದ್ಯಕ್ಕೆ ನೋಡಬೇಡಿ. BY CASH, CASH DEP ಅಥವಾ CDM ಎಂದಿರುವ ಜಮೆಗಳಿಗೆ ಮಾತ್ರ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. CDM ಎಂದರೆ ಹಣ ತುಂಬುವ ಯಂತ್ರ. ಯಂತ್ರಕ್ಕೆ ಹಾಕಿದ್ದು ಲೆಕ್ಕಕ್ಕಿಲ್ಲ ಎಂದು ನಂಬಿದವರನ್ನು ನಾನು ಕಂಡಿದ್ದೇನೆ; ಅದೂ ನಗದೇ.

ದಂಪತಿಯ ಜಂಟಿ ಉಳಿತಾಯ ಖಾತೆಯಲ್ಲಿ ಆರು ಕೆಂಪು ಗುರುತುಗಳು ಬಿದ್ದವು. ಎಪ್ರಿಲ್‌ನಲ್ಲಿ 1,80,000, ಮೇಯಲ್ಲಿ 1,90,000, ಜುಲೈಯಲ್ಲಿ 1,75,000, ಸೆಪ್ಟೆಂಬರ್‌ನಲ್ಲಿ 1,85,000, ನವೆಂಬರ್‌ನಲ್ಲಿ 1,50,000, ಫೆಬ್ರವರಿಯಲ್ಲಿ 2,10,000. ಒಟ್ಟು 10,90,000 ರೂಪಾಯಿ. ಅದೇ ಬ್ಯಾಂಕಿನ ಕುಂಬಳೆ ಶಾಖೆಯಲ್ಲಿ ಗಂಡನೊಬ್ಬರದೇ ಹೆಸರಿನ ಇನ್ನೊಂದು ಖಾತೆಗೆ ತೆಂಗಿನಕಾಯಿ ಮಾರಿದ 60,000.

ಇನ್ನು ನಿಯಮ. ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗಳಿಗೆ ಒಂದು ಹಣಕಾಸು ವರ್ಷದಲ್ಲಿ ಒಟ್ಟು 10 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಬಿದ್ದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಬೇಕು. ಒಂದೊಂದು ಜಮೆ ಎಷ್ಟು ಸಣ್ಣದಿದ್ದರೂ ನೋಡುವುದು ವರ್ಷದ ಮೊತ್ತವನ್ನು. ಆ ಬ್ಯಾಂಕಿನಲ್ಲಿ ನಿಮಗಿರುವ ಎಲ್ಲ ಉಳಿತಾಯ ಖಾತೆಗಳನ್ನು, ಶಾಖೆ ಯಾವುದೇ ಇರಲಿ, ಒಟ್ಟು ಸೇರಿಸಬೇಕು. ಖಾತೆ ಜಂಟಿಯಾಗಿದ್ದರೆ ಮೊತ್ತವನ್ನು ಪಾಲು ಮಾಡುವುದಿಲ್ಲ, ಇಡೀ ಮೊತ್ತವನ್ನು ಪ್ರತಿಯೊಬ್ಬರ ಹೆಸರಿಗೂ ತೋರಿಸಬೇಕು. ಹಾಗಾಗಿ ಗಂಡನ ಹೆಸರಿಗೆ 11,50,000, ಹೆಂಡತಿಯ ಹೆಸರಿಗೆ 10,90,000. ಮನೆಯಿಂದ ಬ್ಯಾಂಕಿಗೆ ಹೋದ ನಗದು ಹನ್ನೊಂದೂವರೆ ಲಕ್ಷ, ಇಲಾಖೆಯ ಕಡತದಲ್ಲಿ ಇಬ್ಬರ ಲೆಕ್ಕ ಕೂಡಿದರೆ ಇಪ್ಪತ್ತೆರಡು ಲಕ್ಷದ ಮೇಲೆ. ಟೀಚರ್ ರಿಟರ್ನಿನಲ್ಲಿ ಇದ್ದದ್ದು ಸಂಬಳ ಮಾತ್ರ. ಸಂದೇಶ ಬಾರದಿದ್ದರೇ ಆಶ್ಚರ್ಯ.

ಹಾಗಾದರೆ ಎರಡು ಬ್ಯಾಂಕುಗಳಿಗೆ ಹಂಚಿ ಕಟ್ಟಿದರಾಯಿತಲ್ಲ ಎಂದು ಗಂಡ ಕೇಳಿದರು. ಒಂದು ಬ್ಯಾಂಕು ಇನ್ನೊಂದರ ಲೆಕ್ಕ ನೋಡುವುದಿಲ್ಲ, ನಿಜ. ಆದರೆ ವರದಿಯಾಗದ ಹಣವೂ, ಯಾರಾದರೂ ಕೇಳಿದ ದಿನ, ವಿವರ ಕೊಡಬೇಕಾದ ಹಣವೇ.

ಎರಡನೆಯ ಹೆಜ್ಜೆ, ಇಲಾಖೆಗೆ ಏನು ತಿಳಿದಿದೆ ಎಂದು ನೋಡುವುದು. incometax.gov.in ನಲ್ಲಿ ಲಾಗಿನ್ ಆಗಿ AIS ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆರೆಯಿರಿ, ವರ್ಷ ಆರಿಸಿ, ಬ್ಯಾಂಕು ಮುಂತಾದವರು ವರದಿ ಮಾಡಿದ ದೊಡ್ಡ ವ್ಯವಹಾರಗಳಿರುವ SFT information ಎಂಬ ಭಾಗಕ್ಕೆ ಹೋಗಿ. ಉಳಿತಾಯ ಖಾತೆಯ ನಗದು ಜಮೆ SFT-004 ಎಂಬ ಗುರುತಿನಡಿ ಇರುತ್ತದೆ. ಅಲ್ಲಿ ಕಾಣುವುದು ವರ್ಷದ ಮೊತ್ತ. ತಾರೀಖುವಾರು ಬಿಡಿಸುವ ಕೆಲಸ ನಿಮ್ಮ ಕೆಂಪು ಪೆನ್ನಿನದು. ಪಿಡಿಎಫ್ ಇಳಿಸಿಕೊಂಡರೆ ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ತಾಗಿ ಜನ್ಮದಿನಾಂಕದ ಎಂಟು ಅಂಕಿ. ಅದೇ ಪುಟದಲ್ಲಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 10 ಲಕ್ಷ ಮುಟ್ಟಿದ ಹೊಸ ಠೇವಣಿ, 30 ಲಕ್ಷ ಮುಟ್ಟಿದ ಜಾಗದ ಕ್ರಯ ಇತ್ಯಾದಿಯೂ ಬರಬಹುದು. ಹಳೆಯ ಠೇವಣಿಯ ನವೀಕರಣ ಆ 10 ಲಕ್ಷದ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ಕಡೆಯ ಕೃಷಿಕರ ಮನೆಗಳಲ್ಲಿ ಪ್ರಶ್ನೆ ಏಳುವುದು ಹೆಚ್ಚಾಗಿ ನಗದಿನಲ್ಲೇ, ಆದ್ದರಿಂದ ಅದಕ್ಕೇ ಮರಳುತ್ತೇನೆ.

ಮೂರನೆಯದು ನಿಜವಾದ ಕೆಲಸ. ಒಂದು ಹಾಳೆಯಲ್ಲಿ ಆರು ಜಮೆಗಳನ್ನು ಬರೆದು, ಪ್ರತಿಯೊಂದರ ಎದುರು ಹಣ ಎಲ್ಲಿಂದ ಬಂತು, ಅದಕ್ಕೆ ಕಾಗದ ಏನಿದೆ ಎಂದು ಬರೆಯುವುದು. ನೆನಪು ಎಷ್ಟು ಬೇಗ ಕೈಕೊಡುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಮೊದಲ ನಾಲ್ಕು ಜಮೆಗಳು ಚಾಲಿ ಅಡಿಕೆಯದು, ಒಟ್ಟು 7,30,000. ಗಂಡ ಕಿಸೆಯಿಂದ ತೆಗೆದ ಕಾಗದಗಳಲ್ಲಿ ಎರಡು ಸರಿಯಾದ ಬಿಲ್ಲುಗಳು. ಉಳಿದೆರಡು ಸಿಗರೇಟು ಪ್ಯಾಕಿನ ಅಗಲದ ತುಂಡು ಚೀಟಿಗಳು, ಮೇಲೆ "462½ × 400" ಎಂಬ ಬರಹದಂಥದು, ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ. ಇಂಥ ಚೀಟಿಗೆ ತೂಕದ ದಿನವಷ್ಟೇ ಬೆಲೆ. ವ್ಯಾಪಾರಿಯ ಹೆಸರು, ಜಿಎಸ್‌ಟಿ ಸಂಖ್ಯೆ, ದಿನಾಂಕ, ತೂಕ, ದರ, ನಿಮ್ಮ ಹೆಸರು, ಹಣ ಕೊಟ್ಟ ಬಗೆ, ಇಷ್ಟಿದ್ದರೆ ಅದು ಬಿಲ್ಲು. ವಿಟ್ಲದಲ್ಲಿ ಮಾರಲಿ, ಪುತ್ತೂರಿನಲ್ಲಿ ಮಾರಲಿ, ಗಡಿ ದಾಟಿದ್ದರಿಂದ ಆದಾಯದ ಸ್ವರೂಪ ಬದಲಾಗುವುದಿಲ್ಲ. ಅವರು ಆ ವ್ಯಾಪಾರಿಯಲ್ಲಿಗೆ ಹೋಗಿ ಲೆಕ್ಕಪುಸ್ತಕದ ಪ್ರತಿಯನ್ನು ಸಹಿ ಹಾಕಿಸಿ ತಂದರು.

ಬಿಲ್ಲಿನ ಜೊತೆಗೆ ತೋಟವೂ ಸಾಕ್ಷಿ ಹೇಳಬೇಕು. ಕಿಲೋಗೆ 400ರಂತೆ 7,30,000 ಎಂದರೆ ಹದಿನೆಂಟು ಕ್ವಿಂಟಾಲಿಗೆ ಸ್ವಲ್ಪ ಮೇಲೆ ಚಾಲಿ. ಅವರದು ಎರಡೆಕರೆ, ಫಲ ಕೊಡುವ ಸಾವಿರ ಮರ. ಮರಕ್ಕೆ ಎರಡು ಕಿಲೋ ಹತ್ತಿರ, ನಂಬಬಹುದಾದ ಲೆಕ್ಕ. ಅರ್ಧ ಎಕರೆಯವರು ಇಷ್ಟೇ ಮಾರಾಟ ತೋರಿಸಿದ್ದರೆ ಬಿಲ್ಲು ಎಷ್ಟು ಚೆನ್ನಾಗಿದ್ದರೂ ಅಧಿಕಾರಿ ಪೆನ್ನು ಕೆಳಗಿಡುತ್ತಿರಲಿಲ್ಲ.

ನಾಲ್ಕೂ ಮಾರಾಟ ಎರಡು ಲಕ್ಷದೊಳಗೆ ಇದ್ದದ್ದು ಅವರ ಪುಣ್ಯ. ಒಬ್ಬರಿಂದ ಒಂದು ದಿನದಲ್ಲಾಗಲಿ, ಒಂದೇ ವ್ಯವಹಾರಕ್ಕಾಗಲಿ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಮೂರು ಲಕ್ಷದ ಒಂದು ಬಿಲ್ಲಿನ ಹಣವನ್ನು ಇಂದು ಅರ್ಧ ನಾಳೆ ಅರ್ಧ ಪಡೆದರೂ ಅದು ಒಂದೇ ವ್ಯವಹಾರ. ದಂಡ ಪಡೆದಷ್ಟೇ ಮೊತ್ತ, ಬೀಳುವುದು ಪಡೆದವರ ಮೇಲೆ, ಎಂದರೆ ಕೃಷಿಕರ ಮೇಲೆ.

ಫೆಬ್ರವರಿಯ 2,10,000 ಆದಾಯವೇ ಅಲ್ಲ. ಜನವರಿಯಲ್ಲಿ ಮಗಳ ಮದುವೆಗೆಂದು ಅದೇ ಖಾತೆಯಿಂದ ನಾಲ್ಕು ಲಕ್ಷ ತೆಗೆದಿದ್ದರು. ಖರ್ಚಾಗಿ ಉಳಿದದ್ದನ್ನು ಒಂದು ತಿಂಗಳ ನಂತರ ಮರಳಿ ಕಟ್ಟಿದರು. ಹಣ ತೆಗೆದ ಸಾಲು ಸ್ಟೇಟ್‌ಮೆಂಟಿನಲ್ಲೇ ಇದೆ. ಖರ್ಚಾದ 1,90,000ಕ್ಕೆ ಅಡುಗೆಯವರ, ಚಪ್ಪರದವರ ರಶೀದಿಗಳನ್ನು ಜೋಡಿಸಿಟ್ಟೆವು. ತೆಗೆದ ದಿನಕ್ಕೂ ಕಟ್ಟಿದ ದಿನಕ್ಕೂ ಒಂದೂವರೆ ವರ್ಷದ ಅಂತರವಿದ್ದಿದ್ದರೆ ಈ ವಿವರಣೆ ಇಷ್ಟು ಸಲೀಸಾಗಿ ನಿಲ್ಲುತ್ತಿರಲಿಲ್ಲ.

ಪೇಚಿಗೆ ಸಿಕ್ಕಿಸಿದ್ದು ನವೆಂಬರಿನ 1,50,000. ಗಂಡ ತಲೆ ಕೆರೆದುಕೊಂಡರು. ಹೆಂಡತಿಗೇ ನೆನಪಾಯಿತು: "ಅದು ಭಾವನ ಅಡಿಕೆ ದುಡ್ಡಲ್ಲವೇ? ಮಗನ ಕಾಲೇಜು ಫೀಸಿಗೆಂದು ನಮ್ಮ ಖಾತೆಯಿಂದ ಕಳಿಸಿದ್ದು." ಭಾವನಿಗೆ ಮೊಬೈಲಿನಲ್ಲಿ ಹಣ ಕಳಿಸಲು ಬಾರದು, ಇವರಿಗೆ ಬರುತ್ತದೆ. ಊರಲ್ಲಿ ಇದು ಉಪಕಾರ, ಸ್ಟೇಟ್‌ಮೆಂಟಿನಲ್ಲಿ ಮಾತ್ರ ಇದು ನಿಮ್ಮ ಹಣ. ಅದೃಷ್ಟಕ್ಕೆ ಮರುದಿನವೇ ಅಷ್ಟೇ ಮೊತ್ತ ಕಾಲೇಜಿನ ಖಾತೆಗೆ ಹೋಗಿತ್ತು. ಆ ಸಾಲು, ಕಾಲೇಜಿನ ರಶೀದಿ, ಭಾವನ ಅಡಿಕೆ ಬಿಲ್ಲಿನ ಪ್ರತಿ, ಹಣ ತನ್ನದೆಂದು ಪ್ಯಾನ್ ಸಂಖ್ಯೆ ಸಹಿತ ಅವರು ಬರೆದುಕೊಟ್ಟ ಪತ್ರ, ಇವು ನಾಲ್ಕನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿದೆ. ಇದನ್ನೇ ಸಾಲವೆಂದು ಹೇಳಿ ಪಾರಾಗೋಣ ಎಂದು ಯೋಚಿಸುವವರಿದ್ದಾರೆ. 20,000 ಅಥವಾ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಬೇರೆಯೇ ನಿರ್ಬಂಧವಿದೆ. ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಬಿದ್ದ ಹಾಗೆ.

ಜಾಗದ ಕಾಗದದಲ್ಲಿ ಇನ್ನೊಂದು ತೊಡಕು ಎದುರಾಯಿತು, ಇದು ಕಾಸರಗೋಡಿನ ಮನೆಗಳಿಗೆ ಹೊಸತಲ್ಲ. ಗ್ರಾಮ ಕಚೇರಿಯ ಭೂತೆರಿಗೆ ರಶೀದಿ ಈಗಲೂ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ತೋಟ ಬೇರೊಬ್ಬರ ಹೆಸರಿನಲ್ಲಿ, ಅಡಿಕೆಯ ಹಣ ಇವರ ಖಾತೆಯಲ್ಲಿ. ನಡುವೆ ಒಂದು ಕೊಂಡಿ ಬೇಕು. ಪಾಲುಪಟ್ಟಿ ನೋಂದಣಿಯಾಗಿತ್ತು, ತಂಡಪೇರು ಬದಲಾಯಿಸಿಕೊಂಡಿರಲಿಲ್ಲ ಅಷ್ಟೆ. ಪಾಲುಪಟ್ಟಿಯ ಪ್ರತಿಯನ್ನು ರಶೀದಿಯ ಜೊತೆ ಇಟ್ಟೆವು. ರಶೀದಿ, ಜಾಗದ ಆಧಾರಪತ್ರದ ಬರಹ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಜಾಗದ ವಿಸ್ತೀರ್ಣ, ಸರ್ವೆ ಸಂಖ್ಯೆ ಎಲ್ಲಿದೆ ಎಂದು ಓದಬಲ್ಲವರಿಂದ ಒಮ್ಮೆ ಗುರುತು ಮಾಡಿಸಿಕೊಳ್ಳಿ. ಮೈಲುತುತ್ತು, ಗೊಬ್ಬರದ ಬಿಲ್ಲು, ಮದ್ದು ಬಿಟ್ಟವರ ಮತ್ತು ಅಡಿಕೆ ಸುಲಿದವರ ಕೂಲಿ ಬರೆದ ಪುಸ್ತಕ, ಇವೂ ಬೇಕು. ಖರ್ಚು ಕಳೆದ ನಿವ್ವಳ ಕೃಷಿ ಆದಾಯ ಐದು ಲಕ್ಷ ದಾಟಿದರೆ ರಿಟರ್ನಿನಲ್ಲಿ ಜಾಗ ಇರುವ ಜಿಲ್ಲೆ, ಪಿನ್ ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಯವೋ ಎಂದು ತುಂಬಬೇಕಾಗುತ್ತದೆ. ಇವರ ಅಡಿಕೆ, ತೆಂಗಿನಕಾಯಿ ಎರಡೂ ಸೇರಿದ 7,90,000ದಲ್ಲಿ ಖರ್ಚು 2,60,000 ಹೋಗಿ ಉಳಿದದ್ದು 5,30,000; ಆದ್ದರಿಂದ ತುಂಬಲೇಬೇಕಿತ್ತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಗಂಡ ಅದುವರೆಗೆ ರಿಟರ್ನನ್ನೇ ಸಲ್ಲಿಸಿರಲಿಲ್ಲ. ತೆರಿಗೆ ಬಾರದಿದ್ದರೂ ಆ ಆದಾಯವನ್ನು ಕಾಣಿಸಿದ ರಿಟರ್ನ್ ಒಂದಿದ್ದರೆ ಹನ್ನೊಂದೂವರೆ ಲಕ್ಷದ ನಗದಿಗೆ ಎದುರಾಗಿ ಒಂದು ಅಂಕಿ ನಿಲ್ಲುತ್ತದೆ. 5,000 ರೂಪಾಯಿಗಿಂತ ಹೆಚ್ಚು ಕೃಷಿ ಆದಾಯವಿದ್ದರೆ ITR-1 ನಡೆಯದು, ITR-2 ಬೇಕು.

ಉತ್ತರ ಕೊಡುವುದು AIS ಒಳಗೇ. ಸಾಲಿನ ಪಕ್ಕದಲ್ಲಿ ಅಭಿಪ್ರಾಯ ಹೇಳುವ ಗುಂಡಿ ಇದೆ. ಗಂಡ ತಮ್ಮ ಪುಟದಲ್ಲಿ Information is correct ಎಂದು ಆರಿಸಿದರು. ಜಮೆಯಾದದ್ದು ನಿಜ ಎಂಬುದಷ್ಟೇ ಅದರ ಅರ್ಥ, ಅಷ್ಟೂ ಆದಾಯ ಎಂದಲ್ಲ. ಟೀಚರ್ ಸಿಟ್ಟಿನಲ್ಲಿ Information is denied ಒತ್ತಲು ಹೊರಟಿದ್ದರು. ಖಾತೆಯಲ್ಲಿ ಅವರ ಹೆಸರಿರುವಾಗ ಅದು ಸುಳ್ಳಾಗುತ್ತದೆ. Information relates to other PAN/Year ಆರಿಸಿ, ಗಂಡನ ಪ್ಯಾನ್ ಮತ್ತು 10,90,000 ತುಂಬಿದರು. ಸಲ್ಲಿಸಿದ ಮೇಲೆ ಸಿಗುವ ಸ್ವೀಕೃತಿಯನ್ನೂ ಮುದ್ರಿಸಿ ಕಡತಕ್ಕೆ ಸೇರಿಸಿದೆವು. ಮುಂದೆ ಗಂಡನ ಪುಟದಲ್ಲಿ ಅದೇ ಮೊತ್ತ ಎರಡನೆಯ ಸಲ ಕಾಣಿಸಿದರೆ ಅದು ಪುನರಾವರ್ತನೆ ಎಂದು ಅವರು ಹೇಳಬೇಕು.

ಕಡತವನ್ನು ಎಷ್ಟು ದಿನ ಇಡಬೇಕು ಎಂದು ಕೇಳಿದರು. 2024-25ರ ಲೆಕ್ಕವನ್ನು ಮರುತೆರೆಯಲು ಸಾಮಾನ್ಯ ಗಡುವು 2029ರ ಜೂನ್ 30. ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಹೆಚ್ಚು ಎಂದು ಇಲಾಖೆ ಭಾವಿಸಿದರೆ 2031ರ ಜೂನ್ 30. ಎರಡನೆಯದನ್ನೇ ಕಡತದ ಮೇಲೆ ಬರೆದುಕೊಟ್ಟೆ. ಜಂಟಿ ಖಾತೆಯನ್ನು ಮುಚ್ಚುವುದೇ ಎಂದು ಹೊರಡುವಾಗ ಟೀಚರ್ ಕೇಳಿದರು. ಬೇಡ, ಅಡಿಕೆಯ ಹಣ ಮಾತ್ರ ಇನ್ನು ಕುಂಬಳೆಯ ಖಾತೆಗೆ ಹೋಗಲಿ, ಅದೂ ಆದಷ್ಟು ವ್ಯಾಪಾರಿಯ ಬ್ಯಾಂಕಿನಿಂದ ನೇರವಾಗಿ, ಎಂದೆ. ಭಾವನ ಫೀಸಿನ ಬಗ್ಗೆ ಗಂಡ ಏನೂ ಹೇಳಲಿಲ್ಲ.