ಚೆಕರ್ ಕೆಲಸಕ್ಕೆ ಡಿಗ್ರಿ ಯಾಕೆ? ಒಂದು ಹಾಳೆಯನ್ನು ಮೂರು ಮಾಡಿದ ನನ್ನ ಅನುಭವ

ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಇನ್‌ಲೈನ್ ಚೆಕರ್ ಆಗಿ, ಅಂದರೆ ಹೊಲಿಗೆ ನಡೆಯುತ್ತಿರುವಾಗಲೇ ಲೈನಿನಲ್ಲಿ ಪೀಸ್ ಪರೀಕ್ಷಿಸುವ ಕೆಲಸಕ್ಕೆ ಸೇರಿದವರು ಬೇಗ ಬಿಟ್ಟು ಹೋಗುತ್ತಿದ್ದರು. ಫೈಲಿನಲ್ಲಿ ಆ ಕೆಲಸಕ್ಕೆ ಅಂತ ಇದ್ದದ್ದು ಒಂದೇ ಹಾಳೆ. ತಲೆಬರಹ ‘ಜಾಬ್ ಡಿಸ್ಕ್ರಿಪ್ಷನ್’. ಒಳಗೆ ‘ಡಿಗ್ರಿ ಆಗಿರಬೇಕು, ಇಂಗ್ಲಿಷ್ ಬರಬೇಕು, ಕ್ವಾಲಿಟಿ ನೋಡಿಕೊಳ್ಳಬೇಕು’. ಮೊದಲ ಎರಡು ಮಾತು ಮನುಷ್ಯನ ಬಗ್ಗೆ, ಕೊನೆಯದು ಕೆಲಸದ ಬಗ್ಗೆ. ಡಿಗ್ರಿ ಯಾಕೆ ಬೇಕು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಇರಬೇಕಾದ ಕಾಗದ, ಅಂದರೆ ಜಾಬ್ ಅನಾಲಿಸಿಸ್, ಯಾರೂ ಮಾಡಿರಲೇ ಇಲ್ಲ.

ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡಿದೆ. ಅನಾಲಿಸಿಸ್ ಅಂದರೆ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅನ್ನುವುದರ ದಾಖಲೆ, ಅಷ್ಟೇ. ಹೊಸದಾಗಿ ಸೇರುವವರು ಇದನ್ನು ನೋಡುವುದಿಲ್ಲ, ಇದು ನಮ್ಮ ಹತ್ತಿರವೇ ಇರುತ್ತದೆ. ಲೈನಿನಲ್ಲಿ ಅನುಭವ ಇರುವ ಒಬ್ಬ ಚೆಕರ್ ಅಕ್ಕನ ಜೊತೆ ಓಡಾಡಿದೆ. ಮೊದಲೇ ಹೇಳಿಬಿಟ್ಟೆ: “ಅಕ್ಕ, ನೀವು ಹೇಗೆ ಮಾಡ್ತೀರಿ ಅಂತ ಮಾರ್ಕ್ಸ್ ಹಾಕೋಕೆ ಬಂದಿಲ್ಲ, ಕೆಲಸ ಏನು ಅಂತ ತಿಳ್ಕೊಳ್ಳೋಕೆ ಬಂದಿದ್ದೀನಿ.” ಇದನ್ನು ಹೇಳದಿದ್ದರೆ ಜನ ಭಯಕ್ಕೆ ಮಾಡದ ಕೆಲಸವನ್ನೂ ಸೇರಿಸಿ ಹೇಳುತ್ತಾರೆ, ಆಗ ದಾಖಲೆಯೇ ಸುಳ್ಳಾಗುತ್ತದೆ.

ನಾನು ಬರೆದುಕೊಂಡದ್ದು ಹೀಗೆ. ಅವರು ಒಂದೊಂದು ಮಿಷನ್ ಹತ್ತಿರ ಹೋಗಿ ಏಳು ಪೀಸ್ ತೆಗೆದು ನೋಡುತ್ತಾರೆ. ಸ್ಕಿಪ್ ಸ್ಟಿಚ್, ಸುಕ್ಕು, ಎಣ್ಣೆ ಕಲೆ ಇದೆಯಾ ಅಂತ ನೋಡಿ, ಟೇಪ್ ಹಿಡಿದು ಕಾಲರ್ ಅಳೆಯುತ್ತಾರೆ. ಎಲ್ಲ ಸರಿ ಇದ್ದರೆ ಮಿಷನ್ ಮೇಲೆ ಹಸಿರು ಕಾರ್ಡ್, ಒಂದು ತಪ್ಪು ಸಿಕ್ಕರೆ ಹಳದಿ, ಜಾಸ್ತಿ ಆದರೆ ಕೆಂಪು. ಕೆಂಪು ಬಿದ್ದರೆ ಮಿಷನ್ ನಿಲ್ಲಿಸಿ ಸೂಪರ್‌ವೈಸರ್‌ನ ಕರೆಯಬೇಕು, ಹೊಲಿದಿಟ್ಟ ಬಂಡಲ್ಲನ್ನು ಮತ್ತೆ ಪೂರ್ತಿ ನೋಡಬೇಕು. ಇಡೀ ಪಾಳಿ ನಿಂತೇ ಕೆಲಸ. ಆಮೇಲೆ ಸೂಪರ್‌ವೈಸರ್‌ನ ಬೇರೆಯಾಗಿ ಕೇಳಿದೆ, ಯಾಕೆಂದರೆ ಸ್ಟೈಲ್ ಬದಲಾಗುವ ದಿನ ಏನಾಗುತ್ತದೆ ಅನ್ನುವುದು ಮಾಮೂಲಿ ದಿನ ನೋಡಿದರೆ ಗೊತ್ತಾಗುವುದಿಲ್ಲ. ಆವತ್ತು ಚೆಕರ್ ಮೊದಲ ಪೀಸನ್ನು ಒಪ್ಪಿಗೆಯಾದ ಸ್ಯಾಂಪಲ್ ಪಕ್ಕ ಇಟ್ಟು ಹೋಲಿಸಬೇಕು. ಬಟ್ಟೆಯ ಬೇರೆ ಬೇರೆ ರೋಲಿನಿಂದ ಬಂದ ತೋಳಿಗೂ ಬಾಡಿಗೂ ಬಣ್ಣದಲ್ಲಿ ಚೂರು ವ್ಯತ್ಯಾಸ ಇದ್ದರೂ ಹಿಡಿಯಬೇಕು. ಅದು ಇಲ್ಲಿ ತಪ್ಪಿದರೆ, ಪೂರ್ತಿ ಹೊಲಿದ ಮೇಲೆ ಬಿಚ್ಚುವುದೇ ಗತಿ.

ಹೊಸ ಜಾಬ್ ಡಿಸ್ಕ್ರಿಪ್ಷನ್, ಅಂದರೆ ಜೆಡಿ, ಬಂದದ್ದು ಈ ಟಿಪ್ಪಣಿಯಿಂದಲೇ. ಅದರಲ್ಲಿ ಮನುಷ್ಯನ ಮಾತೇ ಇಲ್ಲ, ಆ ಜಾಗದಲ್ಲಿ ಯಾರು ಬಂದರೂ ಮಾಡಬೇಕಾದ ಕೆಲಸ ಮಾತ್ರ ಇದೆ. ‘ಪ್ರತಿ ಸುತ್ತಿನಲ್ಲಿ ಪ್ರತಿ ಆಪರೇಟರ್‌ನ ಏಳು ಪೀಸ್ ಪರೀಕ್ಷಿಸಿ ಕಾರ್ಡ್ ಹಾಕುವುದು. ಕೆಂಪು ಕಾರ್ಡ್ ಹಾಕಿದಾಗ ಮಿಷನ್ ನಿಲ್ಲಿಸುವ ಅಧಿಕಾರ ಚೆಕರ್‌ಗೆ ಇದೆ. ಕ್ವಾಲಿಟಿ ಇನ್‌ಚಾರ್ಜ್‌ಗೆ ವರದಿ ಮಾಡುವುದು.’ ಮಿಷನ್ ನಿಲ್ಲಿಸುವ ಅಧಿಕಾರದ ಸಾಲು ಹಳೆಯ ಹಾಳೆಯಲ್ಲಿ ಇರಲಿಲ್ಲ. ಪ್ರೊಡಕ್ಷನ್‌ನವರ ಜೊತೆ ದಿನಾ ಜಗಳ ಆಗುತ್ತಿದ್ದದ್ದು ಅಲ್ಲೇ, ಜನ ಬಿಡುತ್ತಿದ್ದದ್ದೂ ಬಹುಮಟ್ಟಿಗೆ ಅದಕ್ಕೇ ಅಂತ ನನ್ನ ಅಭಿಪ್ರಾಯ.

ಮೂರನೇ ಹಾಳೆ, ಜಾಬ್ ಸ್ಪೆಸಿಫಿಕೇಶನ್, ಕೊನೆಗೆ ಬರೆದೆ. ಇದು ಪೂರ್ತಿ ಮನುಷ್ಯನ ಬಗ್ಗೆ. ಪ್ರತಿ ಸಾಲಿನ ಮುಂದೆ ಜೆಡಿಯ ಯಾವ ಸಾಲಿಗಾಗಿ ಇದು ಬೇಕು ಅಂತ ನಂಬರ್ ಹಾಕುತ್ತಾ ಹೋದೆ. ಬಣ್ಣದ ವ್ಯತ್ಯಾಸ ಹಿಡಿಯಬೇಕು ಅಂತ ಜೆಡಿಯಲ್ಲಿದೆ, ಹಾಗಾಗಿ ಬಣ್ಣ ಗುರುತಿಸುವ ಕಣ್ಣು ಬೇಕು. ಅದಕ್ಕೆ ಇಶಿಹಾರಾ ಪಟದ ಪರೀಕ್ಷೆ ಇಟ್ಟೆವು, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಓದುವುದು, ಐದು ನಿಮಿಷದ ಕೆಲಸ. ಅದು ಕೆಂಪು-ಹಸಿರು ಗೊಂದಲವನ್ನಷ್ಟೇ ಹಿಡಿಯುತ್ತದೆ, ಹಾಗಾಗಿ ಜೊತೆಗೆ ಬೇರೆ ರೋಲಿನ ತುಂಡುಗಳನ್ನು ಕೊಟ್ಟು ಬೇರೆ ಮಾಡಿಸುತ್ತೇವೆ. ಅಳತೆ ಇದೆ, ಹಾಗಾಗಿ ಟೇಪಿನಲ್ಲಿ ಕಾಲಿಂಚು, ಅರೆಕಾಲಿಂಚು ಓದಲು ಬರಬೇಕು. ಬೇರೆ ರಾಜ್ಯದಿಂದ ಬಂದ ಆಪರೇಟರ್‌ಗಳಿಗೆ ತಪ್ಪು ತಿಳಿಸಿ ಹೇಳಬೇಕು, ಹಾಗಾಗಿ ಕನ್ನಡದ ಜೊತೆ ಮಾತಾಡುವಷ್ಟು ಹಿಂದಿ. ಡಿಗ್ರಿಗೆ ನಂಬರ್ ಹಾಕಲು ಜೆಡಿಯಲ್ಲಿ ಒಂದು ಸಾಲೂ ಸಿಗಲಿಲ್ಲ. ತೆಗೆದೆ. ಇಂಗ್ಲಿಷಿನಲ್ಲಿ ಬೇಕಾದದ್ದು ಕಾರ್ಡಿನ ಮೇಲಿನ ಡಿಫೆಕ್ಟ್ ಹೆಸರು ಓದುವಷ್ಟು, ಅಷ್ಟನ್ನೇ ಬರೆದೆ.

ಮ್ಯಾನೇಜರ್ “ಡಿಗ್ರಿ ಇದ್ರೆ ಒಳ್ಳೇದಲ್ವಾ?” ಅಂದರು. ಟೈಲರ್ ಆಗಿದ್ದು ಚೆಕರ್ ಆದವರಿಗೆ ಹೊಲಿಗೆ ಎಲ್ಲಿ ತಪ್ಪುತ್ತದೆ ಅಂತ ಕೈಯಲ್ಲೇ ಗೊತ್ತು, ಡಿಗ್ರಿ ಕೇಳಿದರೆ ಅವರೇ ಹೊರಗುಳಿಯುತ್ತಾರೆ ಅಂತ ಅನಾಲಿಸಿಸ್ ಹಾಳೆ ಮುಂದಿಟ್ಟು ಹೇಳಿದೆ. ಒಪ್ಪಿದರು.

ಆಮೇಲೆ ಕಾರ್ಡಿನ ಬದಲು ಟ್ಯಾಬ್‌ನಲ್ಲಿ ಎಂಟ್ರಿ ಮಾಡುವ ಪದ್ಧತಿ ಬಂತು. ಕೆಲವರು ಸ್ಪೆಸಿಫಿಕೇಶನ್‌ನಲ್ಲಿ ‘ಕಂಪ್ಯೂಟರ್ ಕೋರ್ಸ್’ ಸೇರಿಸಿ ಅಂದರು. ನಾನು ಮತ್ತೆ ಲೈನಿಗೆ ಹೋಗಿ ನೋಡಿದೆ. ಚಿತ್ರ ಒತ್ತಿ ಸಂಖ್ಯೆ ಹಾಕುವುದು, ಅಷ್ಟೇ ಇತ್ತು. ಜೆಡಿಯಲ್ಲಿ ಒಂದು ಸಾಲು ಬದಲಾಯಿತು, ಸ್ಪೆಸಿಫಿಕೇಶನ್ ಹಾಗೇ ಉಳಿಯಿತು.